ಏಣಿ ಹತ್ತುವ ಮುಂಚೆ ಒಂದು ಕಳೆಯುವ ಲೆಕ್ಕ: ಗೋ ಆಟದಲ್ಲಿ ನನ್ನ ಅನುಭವ

ಗೋದಲ್ಲಿ ಓಡುವ ಕಲ್ಲುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಅಟ್ಟಿಸಿಕೊಂಡು ಹೋಗುವುದಕ್ಕೆ ಲ್ಯಾಡರ್, ಅಂದರೆ ಏಣಿ ಅನ್ನುತ್ತಾರೆ. ಆ ಲ್ಯಾಡರ್ ದಾರಿಯಲ್ಲಿ ಕಲ್ಲೊಂದು ಕೂತಿದ್ದರೆ ಅದು ನಿಜವಾಗಿ ಅಡ್ಡ ಬರುತ್ತೋ ಇಲ್ಲವೋ ಅಂತ ಬರೀ ಲೆಕ್ಕದಲ್ಲೇ ಮುಕ್ಕಾಲು ಪಾಲು ಹೇಳಬಹುದು. ಹೀಗಂದಾಗ ತುಮಕೂರಿನ ನಮ್ಮ ನಾಲ್ಕೈದು ಜನರ ಗುಂಪು ನಕ್ಕಿತ್ತು. "ಇದೇನಪ್ಪಾ, ಗೋ ಆಡ್ತಿದ್ದೀಯೋ ಅಂಗಡಿ ಲೆಕ್ಕ ಬರೀತಿದ್ದೀಯೋ" ಅಂದವರು ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಆಡುವ ಮೇಷ್ಟ್ರು. ಈಗ ಅವರೇ ಲ್ಯಾಡರ್ ಶುರು ಮಾಡುವ ಮುಂಚೆ ಬೆರಳು ಮಡಚುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದ ಕಥೆ. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಪಾಠಕ್ಕೆ ಸೇರಿದ್ದೆ. ಗಂಟೆಗೆ ಐನೂರರ ಹತ್ತಿರ. ಒಟ್ಟು ಮೂರು ಸಾವಿರ ದಾಟಿರಬೇಕು. ಅವರು ಹೇಳಿದ್ದು ಒಂದೇ ಮಾತು: ಒಂದೊಂದು ನಡೆಯನ್ನೂ ಮನಸ್ಸಿನಲ್ಲೇ ಇಟ್ಟು ಓದು. ಇದು ಸರಿಯಾದ ಮಾತೇ. ಆದರೆ ಕೆಳಗಿನ ಎಡ ಮೂಲೆಯಿಂದ ಮೇಲಿನ ಬಲ ಮೂಲೆಗೆ ಹೋಗುವಷ್ಟರಲ್ಲಿ ಕಣ್ಣು ಎಲ್ಲೋ ಒಂದು ಗೆರೆ ಜಾರುತ್ತದೆ. ಲ್ಯಾಡರ್‌ನಲ್ಲಿ ಒಂದು ಗೆರೆ ಜಾರಿದರೆ ಉತ್ತರವೇ ತಲೆಕೆಳಗು.

ಆಮೇಲೆ ಹೊಲಿಗೆ ದಾರ ಹಿಡಿದು ಬೋರ್ಡ್ ಮೇಲೆ ಮೂಲೆಯಿಂದ ಮೂಲೆಗೆ ಎಳೆದು ನೋಡಿದೆ. ನಮ್ಮ ಬೋರ್ಡ್ ಮರಗೆಲಸದವರ ಹತ್ತಿರ ಪ್ಲೈವುಡ್‌ನಲ್ಲಿ ಮಾಡಿಸಿದ್ದು, ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟ ನೆನಪು. ಒಂದು ಅಂಚಿನಲ್ಲಿ ಗೆರೆಗಳು ಒತ್ತೊತ್ತಾಗಿವೆ. ದಾರ ನೆಟ್ಟಗಿದ್ದರೂ ಅಲ್ಲಿ ಬೇರೆ ಛೇದಕ್ಕೆ ಹೋಗಿ ಬೀಳುತ್ತಿತ್ತು. ಜೆರಾಕ್ಸ್ ಅಂಗಡಿಯ ಪ್ಲಾಸ್ಟಿಕ್ ಹಾಳೆ ಮೇಲೆ ಓರೆ ಗೆರೆ ಎಳೆದೂ ನೋಡಿದೆ. ಮನೆಯಲ್ಲಿ ಕಲಿಯೋಕೆ ಚೆನ್ನಾಗಿತ್ತು. ಎದುರಿಗೆ ಜನ ಕೂತಿರುವಾಗ ಹಾಳೆ ತೆಗೆಯೋಕಾಗುತ್ತಾ?

ಲೆಕ್ಕ ಹೊಳೆದಿದ್ದು ಬೆಂಗಳೂರಿಗೆ ಓಡಾಡುವ ರೈಲಿನಲ್ಲಿ, ಫೋನ್‌ನಲ್ಲಿ ಆಡುವಾಗ. ಪರದೆಯ ಅಂಚಿನಲ್ಲಿ A ಇಂದ T ವರೆಗೆ ಅಕ್ಷರ, 1 ರಿಂದ 19 ರ ವರೆಗೆ ಅಂಕಿ ಇರುತ್ತಲ್ವಾ? ಅಕ್ಷರವನ್ನೂ ಅಂಕಿ ಮಾಡಿಕೊಳ್ಳಿ. I ಇಲ್ಲ ಅನ್ನುವುದನ್ನು ಮರೆಯಬೇಡಿ. H ಅಂದರೆ 8, J ಅಂದರೆ 9, Q ಅಂದರೆ 16, R ಅಂದರೆ 17. ಈಗ ಸಾಲಿನ ಅಂಕಿಯಿಂದ ಅಕ್ಷರದ ಅಂಕಿ ಕಳೆಯಿರಿ. ಮೇಲೆ ಬಲಕ್ಕೆ ಹೋಗುವ ಒಂದು ಓರೆ ಗೆರೆಯ ಮೇಲೆ ಎಲ್ಲಿ ಕಳೆದರೂ ಒಂದೇ ಉತ್ತರ ಬರುತ್ತದೆ. D4, K10, Q16 ಮೂರಕ್ಕೂ ಸೊನ್ನೆ.

ಒಂದು ಉದಾಹರಣೆ ಇಟ್ಟು ನೋಡಿ. ಬಿಳಿ ಕಲ್ಲು F5 ನಲ್ಲಿ. ಕಪ್ಪು E5, F4, E6 ನಲ್ಲಿ. ಕಪ್ಪು G5 ಇಟ್ಟು ಆಟಾರಿ ಕೊಡುತ್ತದೆ, ಅಂದರೆ ಇನ್ನೊಂದೇ ನಡೆಯಲ್ಲಿ ಎತ್ತುವ ಬೆದರಿಕೆ. ಬಿಳಿ F6 ಗೆ ಓಡುತ್ತದೆ. ಕಪ್ಪು F7, ಬಿಳಿ G6. ಕಪ್ಪು H6, ಬಿಳಿ G7. ಇಷ್ಟು ಇಟ್ಟರೆ ಸಾಕು. ಓಡುವ ಬಿಳಿ ಕಲ್ಲುಗಳ ಉತ್ತರ ಯಾವಾಗಲೂ ಮೈನಸ್ 1 ಅಥವಾ 0. ಅಟ್ಟಿಸಿಕೊಂಡು ಬರುವ ಕಪ್ಪು ಕಲ್ಲುಗಳದ್ದು ಒಂದು ಕಡೆ ಮೈನಸ್ 2, ಇನ್ನೊಂದು ಕಡೆ 1. ಈ ನಾಲ್ಕು ಗೆರೆಗಳಲ್ಲಿ ಎಲ್ಲಿ ಬಿಳಿ ಕಲ್ಲಿದ್ದರೂ ಅದು ಅಡ್ಡಿ ಅಂತ ಎಲ್ಲರಿಗೂ ಗೊತ್ತು.

ಜನ ಬಿಡುವುದು ಅದರಾಚೆಯ ಎರಡು ಗೆರೆಗಳನ್ನು. ಇಲ್ಲಿ ಅವು ಮೈನಸ್ 3 ಮತ್ತು 2. ಅಲ್ಲಿರುವ ಬಿಳಿ ಕಲ್ಲಿಗೆ ಓಡುವ ಬಿಳಿ ಹೋಗಿ ಸೇರುವುದಿಲ್ಲ, ನಡುವೆ ಕಪ್ಪು ಇರುತ್ತದೆ. ಆದರೆ ಆ ಕಪ್ಪು ಕಲ್ಲಿನ ಒಂದು ಲಿಬರ್ಟಿಯನ್ನು, ಅಂದರೆ ಪಕ್ಕದ ಒಂದು ಖಾಲಿ ಜಾಗವನ್ನು, ಅದು ಮೊದಲೇ ತಿಂದಿರುತ್ತದೆ. ಬಿಳಿ ಇನ್ನೆರಡು ಹೆಜ್ಜೆ ಓಡಿದರೆ ಕಪ್ಪೇ ಆಟಾರಿಯಲ್ಲಿ ಸಿಕ್ಕಿಬೀಳುತ್ತದೆ. ಹಾಗಾಗಿ ನೋಡಬೇಕಾದ ಗೆರೆಗಳು ಒಟ್ಟು ಆರು. ಇದರಾಚೆ ಒಂಟಿ ಕಲ್ಲೊಂದು ಇದ್ದರೆ ಅದರ ಕಡೆ ನಾನು ತಿರುಗಿಯೂ ನೋಡುವುದಿಲ್ಲ.

ಮೇಷ್ಟ್ರ ಜೊತೆ ಪಂದ್ಯ ಬಿದ್ದಿದ್ದು ಇಲ್ಲೇ. ಮೇಲಿನ ಬಲ ಮೂಲೆಯಲ್ಲಿ ಕಪ್ಪು Q16, ಅದಕ್ಕೆ ಬಿಳಿ R14 ನಿಂದ ಬಂದಿದೆ. ದಿನಾ ನೋಡುವ ಆಕಾರ. R14 ಕಳೆದರೆ 14 ರಿಂದ 17, ಮೈನಸ್ 3. ಹೊರಗಿನ ಗೆರೆ. "ನಿನ್ನ ಲೆಕ್ಕದಲ್ಲೇ ಅಡ್ಡಿ ಆಯ್ತಲ್ಲಾ, ಲ್ಯಾಡರ್ ಆಗಲ್ಲ" ಅಂದರು ಮೇಷ್ಟ್ರು. "ಆಗುತ್ತೆ ಮೇಷ್ಟ್ರೇ, ಓಡಿ ನೋಡಿ" ಅಂದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಂದ್ಯ.

ಲೆಕ್ಕದ ಇನ್ನರ್ಧ ಇದು. ಆರು ಗೆರೆಯೊಳಗೆ ಕಲ್ಲು ಸಿಕ್ಕಿದರೆ ನಡುವಿನ ಹಾದಿಯನ್ನು ಓದಲೇಬೇಡಿ. ಏಣಿಯ ಆಕಾರ ಬದಲಾಗುವುದಿಲ್ಲ. ಸೀದಾ ಆ ಕಲ್ಲಿನ ಹತ್ತಿರಕ್ಕೆ ಜಿಗಿದು ಕೊನೆಯ ನಾಲ್ಕೈದು ನಡೆ ಮಾತ್ರ ಓದಿ. ಇಲ್ಲಿ ಬಿಳಿ P14 ಗೆ ಬಂದಿದೆ ಅಂದುಕೊಳ್ಳಿ. ಉತ್ತರ ಮೈನಸ್ 1, ಅಂದರೆ ಬಿಳಿ ಅಲ್ಲಿಗೆ ಬಂದೇ ಬರುತ್ತದೆ. ಹಿಂದೆ O15 ಮತ್ತು P13 ನಲ್ಲಿ ಕಪ್ಪು ಇದ್ದೇ ಇರುತ್ತದೆ. ಈಗ ಕಪ್ಪು Q14. ಬಿಳಿ P15. ಕಪ್ಪು P16. ಬಿಳಿ Q15. ಈ ಕ್ಷಣಕ್ಕೆ Q14 ನ ಕಪ್ಪು ಕಲ್ಲು ಆಟಾರಿಯಲ್ಲಿದೆ, ಮೇಷ್ಟ್ರು ಹೇಳಿದ್ದು ನಿಜ. Q13 ಇಟ್ಟರೆ ಎತ್ತಬಹುದು. ಆದರೆ ಸರದಿ ಕಪ್ಪಿನದು. Q16 ನಲ್ಲಿ ಕಪ್ಪು ಮೊದಲೇ ಕೂತಿರುವುದರಿಂದ ಬಿಳಿಗೆ ಉಳಿದಿರುವುದು R15 ಒಂದೇ. ಕಪ್ಪು R15 ಇಟ್ಟು ಇಡೀ ಏಣಿಯನ್ನು ಎತ್ತುತ್ತದೆ. ಇಪ್ಪತ್ತೊಂದು ಕಲ್ಲು. ಜಪಾನಿ ಎಣಿಕೆಯಲ್ಲಿ ಕಲ್ಲಿಗೊಂದು, ಜಾಗಕ್ಕೊಂದು, ಒಟ್ಟು ನಲವತ್ತೆರಡು ಪಾಯಿಂಟ್. ಮೇಷ್ಟ್ರು ಕಲ್ಲೆತ್ತುವುದನ್ನು ನೋಡಿ ಇನ್ನೊಮ್ಮೆ ಮೊದಲಿಂದ ಇಡಿಸಿದರು. ಎರಡನೇ ಸಲವೂ ಅದೇ ಆಯಿತು. ಇಡ್ಲಿ ಬಿಲ್ ನೂರೈವತ್ತರ ಮೇಲಿತ್ತು. ಅವರೇ ಕೊಟ್ಟರು.

ಮನೆಗೆ ಬಂದು ಸುಮ್ನೆ ಒಂದು ಬದಲಾವಣೆ ಮಾಡಿ ನೋಡಿದೆ. ಕಪ್ಪನ್ನು Q16 ನಿಂದ ತೆಗೆದು R16 ಗೆ ಇಟ್ಟೆ. ಬಿಳಿ ಅದೇ R14. ಈಗ ಬಿಳಿ Q15 ಗೆ ಬಂದಾಗ ಅದಕ್ಕೆ R15, Q16 ಎರಡು ಲಿಬರ್ಟಿ. ಕಪ್ಪು R15 ನಿಂದ ಆಟಾರಿ ಕೊಟ್ಟರೆ ಬಿಳಿ Q13 ಇಟ್ಟು Q14 ಅನ್ನು ಎತ್ತುತ್ತದೆ. ಕಪ್ಪು Q16 ನಿಂದ ಮತ್ತೆ ಆಟಾರಿ ಕೊಡಲಿ, ಬಿಳಿ Q14 ತುಂಬಿ R14 ಜೊತೆ ಸೇರಿಕೊಳ್ಳುತ್ತದೆ. ಮೂರು ಲಿಬರ್ಟಿ, ತಪ್ಪಿಸಿಕೊಂಡಿತು. ಏಣಿ ಒಡೆದ ಮೇಲೆ ಕಪ್ಪಿನ ಗತಿ ಕೇಳಬೇಡಿ. ಹಾದಿಯುದ್ದಕ್ಕೂ ಡಬಲ್ ಆಟಾರಿ. ನೋಡಿ, R16 ಕಳೆದರೆ ಮೈನಸ್ 1. ಅದೂ ಆರು ಗೆರೆಯೊಳಗೇ ಇದೆ. ಆದರೂ ಒಂದು ನಡೆ ತಡವಾಗಿ ಉಪಯೋಗಕ್ಕೆ ಬರುತ್ತದೆ. ಕಳೆಯುವ ಲೆಕ್ಕ ಯಾವ ಕಲ್ಲು ನೋಡಬೇಕು ಅಂತ ಹೇಳುತ್ತದೆ. ಯಾವುದು ಮೊದಲು ಅನ್ನುವುದನ್ನು ಆ ನಾಲ್ಕು ನಡೆ ಓದಿಯೇ ತಿಳಿಯಬೇಕು.

ಮೊದಲ ಓಟ ಮೇಲಕ್ಕಲ್ಲದೆ ಬಲಕ್ಕಾದರೆ ಬಿಳಿಯ ಎರಡನೇ ಗೆರೆ ಆ ಕಡೆಗೆ ಸರಿಯುತ್ತದೆ. ಹಾಗಾಗಿ ಒಂದು ಕಲ್ಲು ನೋಡಿ ಲೆಕ್ಕ ಶುರು ಮಾಡಬೇಡಿ, ಓಡಿದ ಎರಡು ಕಲ್ಲು ನೋಡಿ. ಅಡ್ಡ ಕೂತ ಬಿಳಿ ಕಲ್ಲೇ ಆಟಾರಿಯಲ್ಲಿದ್ದರೆ ಅದನ್ನು ನಂಬಲು ಹೋಗಬೇಡಿ. ಅದಕ್ಕೆ ಲೆಕ್ಕ ಸಾಲದು, ಪೂರ್ತಿ ಓದಬೇಕು.

ಏಣಿ ಕೆಳಗೆ ಬಲಕ್ಕೆ ಇಳಿಯುವುದಾದರೆ ಕಳೆಯುವ ಬದಲು ಕೂಡಿ. D16, K10, Q4 ಮೂರಕ್ಕೂ ಇಪ್ಪತ್ತು ಬರುತ್ತದೆ. ಮಿಕ್ಕಿದ್ದೆಲ್ಲ ಹಾಗೇ. ಅಕ್ಷರವನ್ನು ಎಣಿಸದೆ ತಕ್ಷಣ ಅಂಕಿ ಮಾಡುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಮಾತ್ರ ಹೇಳುವುದಿಲ್ಲ, ಮುಂದಿನ ಭಾನುವಾರ ಮೇಷ್ಟ್ರ ಜೊತೆ ಇನ್ನೊಂದು ಇಡ್ಲಿ ಪಂದ್ಯ ಇದೆ.