ಸಮೀಕ್ಷೆಗೆ ಹೊರಟ ವಿದ್ಯಾರ್ಥಿಗಳು ಹೊಸ್ತಿಲಲ್ಲಿ ಏನು ಹೇಳಬೇಕು, ವರದಿಯಲ್ಲಿ ಏನು ಬರೆಯಬೇಕು?

ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಹಳ್ಳಿಗೆ ಹೋಗಿ ಮನೆಮನೆ ಸಮೀಕ್ಷೆ ಮಾಡುವ ವಿದ್ಯಾರ್ಥಿಗಳು ಈಗ ಹೆಚ್ಚಾಗಿ ಆರಿಸಿಕೊಳ್ಳುವ ವಿಷಯಗಳಲ್ಲಿ ಗೃಹಲಕ್ಷ್ಮಿ ಯೋಜನೆಯೂ ಒಂದು. 2023ರ ಆಗಸ್ಟ್‌ನಲ್ಲಿ ಆರಂಭವಾದ ಈ ಯೋಜನೆಯಲ್ಲಿ ಪಡಿತರ ಚೀಟಿಯ ಪ್ರಕಾರ ಮನೆಯ ಯಜಮಾನಿಯಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ ಬರುತ್ತದೆ. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಬರುವುದಿಲ್ಲ. ಹಣ ಯಾರ ಕೈ ಸೇರುತ್ತದೆ, ಯಾತಕ್ಕೆ ಖರ್ಚಾಗುತ್ತದೆ ಎಂದು ಕೇಳುವುದು ಮೇಲ್ನೋಟಕ್ಕೆ ಸರಳ. ಆದರೆ ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫಾರಂ ಹಿಡಿದು ಬಂದವರನ್ನು ಹಳ್ಳಿಯವರು ಸರ್ಕಾರದವರೆಂದೇ ತಿಳಿಯುತ್ತಾರೆ. ಈ ತಪ್ಪು ತಿಳಿವಳಿಕೆಯನ್ನು ಹಾಗೆಯೇ ಬಿಟ್ಟು ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಆದ್ದರಿಂದ ಪ್ರಶ್ನಾವಳಿಗಿಂತ ಮೊದಲು ಹೊಸ್ತಿಲಲ್ಲಿ ಹೇಳುವ ನಾಲ್ಕು ಮಾತನ್ನು ಬರೆದುಕೊಳ್ಳಿ. ಅದು ಆಡುಮಾತಿನಲ್ಲೇ ಇರಲಿ: "ಅಮ್ಮಾ, ನಾವು ಬಿ.ಎ. ಓದೋ ಮಕ್ಕಳು, ಸರ್ಕಾರದವರಲ್ಲ. ಗೃಹಲಕ್ಷ್ಮಿ ದುಡ್ಡು ಮನೇಲಿ ಹೇಗೆ ಬಳಕೆ ಆಗುತ್ತೆ ಅಂತ ಓದಿನ ಸಲುವಾಗಿ ಕೇಳ್ತಿದ್ದೀವಿ. ನೀವು ಏನೇ ಹೇಳಿದರೂ ದುಡ್ಡು ನಿಲ್ಲೋದಿಲ್ಲ, ನಿಂತಿರೋ ದುಡ್ಡನ್ನ ಬರೋ ಹಾಗೆ ಮಾಡೋದೂ ನಮ್ಮ ಕೈಲಿಲ್ಲ. ಇಪ್ಪತ್ತು ನಿಮಿಷ ಆಗುತ್ತೆ. ಬೇಡ ಅನ್ನಿಸಿದ ಪ್ರಶ್ನೆಗೆ ಉತ್ತರ ಹೇಳಬೇಡಿ, ಮಧ್ಯದಲ್ಲಿ ಸಾಕು ಅಂದರೂ ಎದ್ದು ಹೋಗ್ತೀವಿ. ನಾವು ನಿಜವಾಗಿ ಬಂದಿದ್ವಾ ಅಂತ ನಮ್ಮ ಮೇಷ್ಟ್ರು ಒಮ್ಮೆ ಬಂದು ಕೇಳಬಹುದು."

ಇಷ್ಟು ಹೇಳಿ ಮುಗಿಸಿದರೆ ಸಾಲದು. "ನಾವು ಯಾಕೆ ಬಂದಿದ್ದೀವಿ ಅಂತ ನಿಮಗೆ ಅರ್ಥ ಆಯ್ತು, ಒಂದ್ಸಲ ಹೇಳಿ ನೋಡೋಣ" ಎಂದು ಅವರಿಂದಲೇ ಹೇಳಿಸಿ. ನಾನು ವಿದ್ಯಾರ್ಥಿಗಳ ಜೊತೆ ಹೋದ ಒಂದು ಮನೆಯಲ್ಲಿ ಎಲ್ಲಕ್ಕೂ ತಲೆಯಾಡಿಸಿದ್ದ ಹೆಂಗಸು ಈ ಪ್ರಶ್ನೆಗೆ, "ದುಡ್ಡು ನಿಂತಿರೋರ ಹೆಸರು ಬರ್ಕೊಳ್ಳೋಕೆ ಅಲ್ವಾ?" ಎಂದರು. ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಆಗಲೇ ಅವರ ಮಡಿಲಲ್ಲಿದ್ದವು. ಮತ್ತೆ ಮೊದಲಿನಿಂದ ಹೇಳಿದೆವು. ಅವರು ಸ್ವಲ್ಪ ಬೇಸರದಿಂದಲೇ ಪಾಸ್‌ಬುಕ್ ಒಳಗಿಟ್ಟು, "ಹಾಗಾದ್ರೆ ಇನ್ನೊಂದಿನ ಬನ್ನಿ" ಎಂದರು. ಅದು ನಿರಾಕರಣೆ, ಹಾಗೆಂದೇ ದಾಖಲಾಯಿತು.

ಸಹಿಯ ವಿಷಯದಲ್ಲಿ ಹಟ ಬೇಡ. ಹೆಬ್ಬೆಟ್ಟು ಒತ್ತಿ ಸಾಲದ ಸುಳಿಗೆ ಸಿಕ್ಕವರಿಗೆ ಒಪ್ಪಿಗೆ ಪತ್ರವೂ ಪತ್ರವೇ. ಇಂಥ ಸಮೀಕ್ಷೆಗೆ ಬಾಯಿಮಾತಿನ ಒಪ್ಪಿಗೆ ಪಡೆದು, ದಿನಾಂಕ ಮತ್ತು ಸಮಯ ಬರೆದು, ಜೊತೆಗಿರುವ ಇನ್ನೊಬ್ಬ ವಿದ್ಯಾರ್ಥಿ ಸಾಕ್ಷಿಯಾಗಿ ಸಹಿ ಹಾಕುವ ಕ್ರಮಕ್ಕೆ ಮಾರ್ಗದರ್ಶಕರಿಂದ ಮೊದಲೇ ಅನುಮತಿ ಪಡೆಯಬಹುದು. ಗಂಡನೋ ಅತ್ತೆಯೋ "ಬರ್ಕೊಳ್ಳಿ" ಎಂದದ್ದು ಮಾತ್ರ ಆ ಹೆಂಗಸಿನ ಒಪ್ಪಿಗೆಯಾಗುವುದಿಲ್ಲ. ಪಕ್ಕದಲ್ಲಿ ಅತ್ತೆ ಕುಳಿತಿದ್ದರೆ ಎಬ್ಬಿಸಿ ಕಳಿಸುವುದು ನಿಮ್ಮಿಂದಾಗದ ಕೆಲಸ. ಆದರೆ ಫಾರಂನಲ್ಲಿ "ಬೇರೆಯವರು ಇದ್ದರು" ಎಂಬ ಒಂದು ಚೌಕವನ್ನಾದರೂ ಇಟ್ಟುಕೊಳ್ಳಿ. ಅದರ ಉಪಯೋಗ ಕೊನೆಯಲ್ಲಿ ತಿಳಿಯುತ್ತದೆ.

ಇನ್ನು ಹೆಸರಿನ ವಿಚಾರ. "ಇದು ಅನಾಮಧೇಯ ಸಮೀಕ್ಷೆ" ಎಂದು ಬಹುತೇಕ ಫಾರಂಗಳ ತಲೆಯಲ್ಲಿ ಅಚ್ಚಾಗಿರುತ್ತದೆ. ಮನೆ ಬಾಗಿಲಿಗೆ ಹೋಗಿ, ಮುಖ ನೋಡಿ ಕೇಳಿದ ಮೇಲೆ ಅದು ಸುಳ್ಳು. ಯಾರು ಹೇಳಿದರೆಂದು ನಿಮಗೂ ಗೊತ್ತಿಲ್ಲದಿದ್ದರೆ ಮಾತ್ರ ಅನಾಮಧೇಯ. ನಿಮಗೆ ಗೊತ್ತಿದ್ದು ಇನ್ನೊಬ್ಬರಿಗೆ ಹೇಳದಿದ್ದರೆ ಗೋಪ್ಯ. ನೀವು ಕೊಡಬಹುದಾದದ್ದು ಎರಡನೆಯ ಮಾತು, ಅದನ್ನೇ ಕೊಡಿ. ಆನ್‌ಲೈನ್ ಫಾರಂ ಆದರೂ ಇಮೇಲ್ ವಿಳಾಸ ಸಂಗ್ರಹಿಸುವ ಆಯ್ಕೆಯನ್ನು ಚಾಲೂ ಇಟ್ಟು ಅನಾಮಧೇಯವೆನ್ನುವಂತಿಲ್ಲ.

ಗೋಪ್ಯತೆಯನ್ನು ಉಳಿಸಿಕೊಳ್ಳಲು ಎರಡು ದಾಖಲೆಗಳು ಬೇಕು. ಒಂದು ನೋಟ್‌ಬುಕ್ಕಿನಲ್ಲಿ ಮನೆಯ ಗುರುತು ಮತ್ತು ಅದಕ್ಕೆ ಕೊಟ್ಟ ಸಂಕೇತ ಸಂಖ್ಯೆ ಮಾತ್ರ ಇರಲಿ, ಅದು ಮಾರ್ಗದರ್ಶಕರ ಬೀರುವಿನಲ್ಲಿರಲಿ. ಉತ್ತರಗಳ ಹಾಳೆಯಲ್ಲಿ ಸಂಕೇತ ಸಂಖ್ಯೆಯ ಹೊರತು ಮತ್ತೇನೂ ಗುರುತು ಬೇಡ. ಪರಿಶೀಲನೆ ಮುಗಿದ ದಿನ ನೋಟ್‌ಬುಕ್ಕನ್ನು ಹರಿದುಹಾಕಿ; ಆ ದಿನಾಂಕವನ್ನು ಮೊದಲೇ ತಿಳಿಸಿ, ಉತ್ತರ ಹಿಂಪಡೆಯಬೇಕೆಂದರೆ ಅಷ್ಟರೊಳಗೆ ಹೇಳಲಿ. ನಾನು ಕಂಡ ಮಟ್ಟಿಗೆ ಗೋಪ್ಯತೆ ಸೋರುವುದು ಬೀರುವಿನಿಂದಲ್ಲ, ತುಂಬಿದ ಫಾರಂನ ಫೋಟೊ ತೆಗೆದು ಹಾಕುವ ತಂಡದ ವಾಟ್ಸ್‌ಆ್ಯಪ್ ಗುಂಪಿನಿಂದ.

ಹೆಸರು ತೆಗೆದ ಮೇಲೂ ಗುರುತು ಉಳಿಯುತ್ತದೆ ಎಂಬುದು ಎಲ್ಲಕ್ಕಿಂತ ಸೂಕ್ಷ್ಮವಾದ ಸಂಗತಿ. 1990ರ ದಶಕದಲ್ಲಿ ಅಮೆರಿಕದ ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ, ಹೆಸರಿಲ್ಲದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯ ಪಕ್ಕದಲ್ಲಿಟ್ಟು, ಜನ್ಮದಿನಾಂಕ, ಲಿಂಗ ಮತ್ತು ಅಂಚೆ ಸಂಖ್ಯೆ ಎಂಬ ಮೂರೇ ವಿವರಗಳಿಂದ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರರ ದಾಖಲೆಯನ್ನು ಪತ್ತೆ ಮಾಡಿದರು. ಹಳ್ಳಿಯಲ್ಲಿ ಅಷ್ಟೂ ಬೇಡ. "52 ವರ್ಷ, ವಿಧವೆ, ಹೊಲಿಗೆ ಕೆಲಸ, 3ನೇ ವಾರ್ಡ್" ಎಂಬ ಸಾಲು ಓದಿದೊಡನೆ ಊರಿನವರು ಹೆಸರು ಹೇಳುತ್ತಾರೆ. ಮುಂದಿನ ಅಂಕಣದಲ್ಲಿ "ಹಣ ಮಗ ತೆಗೆದುಕೊಳ್ಳುತ್ತಾನೆ" ಎಂದಿದ್ದರೆ ಆಕೆ ಮನೆಯಲ್ಲಿ ಉತ್ತರ ಕೊಡಬೇಕಾದೀತು. ವಯಸ್ಸನ್ನು "45ಕ್ಕಿಂತ ಹೆಚ್ಚು" ಎಂದು ಹಿಗ್ಗಿಸಿ, ವಾರ್ಡುಗಳನ್ನು ಕೂಡಿಸಿ, ಊರಿನ ಹೆಸರಿನ ಬದಲು ತಾಲ್ಲೂಕಿನ ಹೆಸರಷ್ಟೇ ಕೊಡಿ. ಕೋಷ್ಟಕದ ಯಾವುದೇ ಕೋಶದಲ್ಲಿ ಐದಕ್ಕಿಂತ ಕಡಿಮೆ ಜನ ಬಂದರೆ ಪಕ್ಕದ ಗುಂಪಿಗೆ ಸೇರಿಸಿ. ಬರೀ ಖಾಲಿ ಬಿಟ್ಟರೆ ಸಾಲದು, ಒಟ್ಟು ಮೊತ್ತದಿಂದ ಕಳೆದು ಯಾರಾದರೂ ಆ ಸಂಖ್ಯೆಯನ್ನು ಕಂಡುಕೊಳ್ಳಬಹುದು.

ಈಗ ವರದಿ. ನಿಮ್ಮ ತಂಡ 74 ಮನೆಗಳ ಬಾಗಿಲು ತಟ್ಟಿತು ಎಂದಿಟ್ಟುಕೊಳ್ಳಿ. ಎರಡನೇ ಸಲ ಹೋದಾಗಲೂ 6 ಮನೆಗೆ ಬೀಗ, 5 ಮಂದಿ ಬೇಡವೆಂದರು, 3 ಮಂದಿ ಮಧ್ಯದಲ್ಲಿ ನಿಲ್ಲಿಸಿದರು, ಪೂರ್ಣವಾದದ್ದು 60. ಈ ಐದೂ ಸಂಖ್ಯೆಗಳು ವರದಿಯಲ್ಲಿರಬೇಕು, "60 ಮಹಿಳೆಯರನ್ನು ಸಂದರ್ಶಿಸಲಾಯಿತು" ಎಂಬ ಒಂದು ಸಾಲು ಸಾಲದು. ಖರ್ಚಿನ ನಿರ್ಧಾರ ಯಾರದು ಎಂಬ ಪ್ರಶ್ನೆಗೆ 9 ಮಂದಿ ಉತ್ತರಿಸಲಿಲ್ಲ, 34 ಮಂದಿ "ನನ್ನದೇ" ಎಂದರು ಎನ್ನೋಣ. ಉತ್ತರಿಸಿದ 51 ಜನರ ಮೇಲೆ ಲೆಕ್ಕ ಹಾಕಿದರೆ ಅದು ಶೇ 67, ಎಲ್ಲ 60 ಜನರ ಮೇಲೆ ಹಾಕಿದರೆ ಶೇ 57. ಯಾವುದನ್ನು ಬಳಸಿದರೂ "51ರಲ್ಲಿ 34, 9 ಮಂದಿ ಉತ್ತರಿಸಲಿಲ್ಲ" ಎಂದು ಪಕ್ಕದಲ್ಲೇ ಬರೆಯಿರಿ. ಮೌನ ವಹಿಸಿದ ಆ ಒಂಬತ್ತು ಮಂದಿಯಲ್ಲಿ ಎಷ್ಟು ಜನರ ಪಕ್ಕದಲ್ಲಿ ಬೇರೆಯವರು ಕುಳಿತಿದ್ದರು ಎಂಬುದನ್ನು ಮೊದಲು ಹೇಳಿದ ಚೌಕದಿಂದ ಎಣಿಸಿ ನೋಡಿ. ಹೆಚ್ಚಿನವರ ವಿಷಯದಲ್ಲಿ ಹಾಗಿದ್ದರೆ ನಿಮ್ಮ ಶೇ 67ನ್ನು ಓದುವ ರೀತಿಯೇ ಬದಲಾಗುತ್ತದೆ.

ಗಡುವು ಹತ್ತಿರ ಬಂದಾಗ ಉಳಿದ ಫಾರಂಗಳನ್ನು ಹಾಸ್ಟೆಲಿನಲ್ಲಿ ಕುಳಿತು ತುಂಬುವವರೂ ಇದ್ದಾರೆ. ಅದು ಗೊತ್ತಾಗುತ್ತದೆ. ಹದಿನೈದು ಫಾರಂಗಳಲ್ಲಿ ಒಂದೇ ಪೆನ್ನು, ಒಂದೂ ತಿದ್ದುಪಡಿ ಇಲ್ಲ, ಒಬ್ಬರೂ "ಗೊತ್ತಿಲ್ಲ" ಎಂದಿಲ್ಲ, ಸಂದರ್ಶನಗಳ ಸಮಯ ಒಂದರ ಬೆನ್ನಿಗೆ ಒಂದು. ಇಂಥ ಗುಮಾನಿ ಬಂದಾಗ ನಾನು ನೋಟ್‌ಬುಕ್ ಹಿಡಿದು ಆರು ಮನೆಗೆ ಹೋಗಿ, "ಮಕ್ಕಳು ಬಂದಿದ್ರಾ?" ಎಂದಷ್ಟೇ ಕೇಳುತ್ತೇನೆ, ಉತ್ತರಗಳ ಪ್ರಸ್ತಾಪ ಮಾಡುವುದಿಲ್ಲ. ಅರವತ್ತರ ಗುರಿಯಲ್ಲಿ ನಲವತ್ತೈದೇ ಆಗಿದ್ದರೆ ವರದಿಯ ಶೀರ್ಷಿಕೆಯಿಂದ ಕೊನೆಯ ಕೋಷ್ಟಕದವರೆಗೆ ನಲವತ್ತೈದೆಂದೇ ಇರಲಿ. ಅದಕ್ಕೆ ನಾನು ಇದುವರೆಗೆ ಅಂಕ ಕಳೆದಿಲ್ಲ.