ಎರಡು ಪಾಳಿಯ ಅಂಕಗಳನ್ನು ಒಂದೇ ಅಳತೆಗೆ ತಂದ ಬಗೆ

ವಿಜಯಪುರದ ತರಬೇತಿ ಕೇಂದ್ರವೊಂದಕ್ಕೆ 100 ಅಂಕಗಳ ಅಣಕು ಪರೀಕ್ಷೆ ನಡೆಸಿದೆವು. ಕಂಪ್ಯೂಟರ್ ಸಾಲದ್ದಕ್ಕೆ ಎರಡು ಪಾಳಿ, ಪಾಳಿಗೊಂದು ಬೇರೆ ಪತ್ರಿಕೆ. ಬೆಳಗ್ಗೆ 400 ಮಂದಿ ಬರೆದರು, ಸರಾಸರಿ 58 ಬಂತು. ಮಧ್ಯಾಹ್ನ 380 ಮಂದಿ, ಸರಾಸರಿ 51.

ನಾನು ಬಳಸಿದ್ದು ಪರ್ಸೆಂಟೈಲ್ ವಿಧಾನ. ಜೆಇಇ ಮೇನ್‌ನಲ್ಲೂ ಇದೇ ಲೆಕ್ಕ. ಅಭ್ಯರ್ಥಿಯಷ್ಟೇ ಅಥವಾ ಅವನಿಗಿಂತ ಕಡಿಮೆ ಅಂಕ ಪಡೆದವರು ಅದೇ ಪಾಳಿಯಲ್ಲಿ ಎಷ್ಟು ಮಂದಿ ಎಂದು ಎಣಿಸಿ, ಪಾಳಿಯ ಒಟ್ಟು ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸಬೇಕು. ಬಿ ಕಾಲಂನಲ್ಲಿ ಪಾಳಿ, ಸಿ ಕಾಲಂನಲ್ಲಿ ಅಂಕ ಇದ್ದರೆ:

```
=COUNTIFS(B:B,B2,C:C,"<="&C2)/COUNTIFS(B:B,B2)*100
```

ಬೆಳಗ್ಗೆ 62 ತೆಗೆದವನಷ್ಟು ಅಥವಾ ಅದಕ್ಕಿಂತ ಕಡಿಮೆ ಪಡೆದವರು 260 ಮಂದಿ, ಅಂದರೆ 65 ಪರ್ಸೆಂಟೈಲ್. ಮಧ್ಯಾಹ್ನ 57 ತೆಗೆದವಳ ಲೆಕ್ಕದಲ್ಲಿ 266 ಮಂದಿ, ಅಂದರೆ 70. ಐದು ಅಂಕ ಕಡಿಮೆ ಇದ್ದರೂ ಅವಳೇ ಮುಂದೆ.

ಮೊದಲ ಸಲ ಲೆಕ್ಕ ಕೆಟ್ಟದ್ದು ಗೈರುಹಾಜರಾದವರಿಂದ. ಮಧ್ಯಾಹ್ನದ ಪಟ್ಟಿಯಲ್ಲಿ 440 ಹೆಸರಿದ್ದವು, 60 ಮಂದಿ ಬಂದಿರಲಿಲ್ಲ. ಅವರಿಗೆ ಸೊನ್ನೆ ತುಂಬಿದರೆ ಆ ಹುಡುಗಿಯ 70 ಏರಿ 74.1 ಆಗುತ್ತದೆ. ಅಂಕದ ಜಾಗ ಖಾಲಿ ಬಿಟ್ಟರೆ ಕಡಿಮೆ ಅಂಕದವರ ಎಣಿಕೆಗೆ ಅವರು ಬರುವುದಿಲ್ಲ, ಪಾಳಿಯ ಒಟ್ಟು ಸಂಖ್ಯೆಗೆ ಬರುತ್ತಾರೆ, ಆಗ 60.5ಕ್ಕೆ ಇಳಿಯುತ್ತದೆ. ಆದ್ದರಿಂದ ಆ ಸಾಲುಗಳನ್ನೇ ಮೊದಲು ಅಳಿಸಬೇಕು. ತಪ್ಪು ಕೀ ಉತ್ತರಗಳನ್ನೂ ಇದಕ್ಕೆ ಮುಂಚೆಯೇ ತಿದ್ದಿ ಮುಗಿಸಬೇಕು.

ಈ ವಿಧಾನ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಎರಡೂ ಗುಂಪಿನ ಸಾಮರ್ಥ್ಯ ಹೆಚ್ಚುಕಮ್ಮಿ ಒಂದೇ. ಪಾಳಿ ಆರಿಸುವುದನ್ನು ಅಭ್ಯರ್ಥಿಗಳಿಗೇ ಬಿಟ್ಟರೆ ಇದು ಮುರಿಯುತ್ತದೆ. ಸಿಂದಗಿ, ಇಂಡಿ ಕಡೆಯ ಹಳ್ಳಿಗಳಿಂದ ಬಸ್ಸು ಹಿಡಿದು ಬರುವವರು ಮಧ್ಯಾಹ್ನ ಕೇಳುತ್ತಾರೆ, ಊರಲ್ಲೇ ರೂಮು ಮಾಡಿಕೊಂಡು ಓದುವವರು ಬೆಳಗ್ಗೆ. ಹಾಗಾಗಿ `RAND()` ಹಾಕಿ ಹೆಸರುಗಳನ್ನು ಕಲೆಸಿ ಪಾಳಿ ಹಂಚಿದೆ.

ಅಷ್ಟರಿಂದಲೇ ಸಮಾಧಾನವಾಗದೆ ಎರಡೂ ಪತ್ರಿಕೆಯಲ್ಲಿ ಒಂದೇ 10 ಪ್ರಶ್ನೆಗಳನ್ನು ಸೇರಿಸಿದ್ದೆ. ಅವುಗಳಲ್ಲಿ ಬೆಳಗಿನವರ ಸರಾಸರಿ 6.1, ಮಧ್ಯಾಹ್ನದವರದು 6.0. ಅಂದರೆ ಗುಂಪುಗಳು ಸಮ, ಏಳು ಅಂಕದ ಅಂತರ ಪತ್ರಿಕೆಯದು. ಮಧ್ಯಾಹ್ನದವರದು 7.5 ಬಂದಿದ್ದರೆ ಎರಡು ಅನುಮಾನ: ಅವರು ನಿಜಕ್ಕೂ ಜಾಣರು, ಇಲ್ಲವೇ ಪ್ರಶ್ನೆ ಸೋರಿದೆ. ಉಳಿದ 90ರಲ್ಲಿ ತೀರ ಹಿಂದೆ ಬಿದ್ದವರೂ ಈ ಹತ್ತನ್ನು ಸರಿ ಮಾಡಿದ್ದರೆ ಅದು ಸೋರಿಕೆಯೇ. ಅದಕ್ಕೇ ಮಧ್ಯಾಹ್ನದವರು ಒಳಗೆ ಕೂತು ಮೊಬೈಲ್ ಒಪ್ಪಿಸುವವರೆಗೆ ಬೆಳಗಿನವರನ್ನು ಹೊರಗೆ ಬಿಡಲಿಲ್ಲ.

ತುತ್ತತುದಿಯಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಪ್ರತಿ ಪಾಳಿಯ ಮೊದಲಿಗನಿಗೂ 100 ಬಂದೇ ಬರುತ್ತದೆ, ಒಬ್ಬ 97 ತೆಗೆದಿರಲಿ, ಇನ್ನೊಬ್ಬ 88. ಅವರಿಬ್ಬರಲ್ಲಿ ಯಾರು ಮೇಲು ಎಂದು ಪರ್ಸೆಂಟೈಲ್ ಹೇಳಲಾರದು. ನಾನು ಇಬ್ಬರಿಗೂ ಒಂದನೇ ರ‍್ಯಾಂಕ್ ಕೊಟ್ಟು, ಮುಂದಿನವರನ್ನು ಮೂರರಿಂದ ಎಣಿಸಿದೆ.