ಟೀಚರ್ ಬೀಳ್ಕೊಡುಗೆಗೆ ನಾನು ಸ್ವಾಗತ ಮಾಡಿದ್ದು

ಬೀಳ್ಕೊಡುಗೆ ಸಮಾರಂಭಕ್ಕೆ ಕೆಲಸ ಹಂಚುವಾಗ ಸ್ವಾಗತ ಭಾಷಣ ಸಾಮಾನ್ಯವಾಗಿ ಹೊಸಬರ ತಲೆಗೆ ಬರುತ್ತದೆ. ನಾಲ್ಕು ಹೆಸರು ಓದುವುದು ತಾನೇ, ಯಾರು ಬೇಕಾದರೂ ಮಾಡಬಹುದು ಎಂಬ ಲೆಕ್ಕ. ನಾನೂ ಹಾಗೇ ಅಂದುಕೊಂಡು ಮೊದಲ ಸಲ ಮೈಕ್ ಹಿಡಿದಿದ್ದೆ. ನಿವೃತ್ತರಾಗುತ್ತಿದ್ದ ಮೇಷ್ಟ್ರ ಸೇವೆ, ಶಿಸ್ತು, ಅವರು ನೆಟ್ಟ ಮರ, ಎಲ್ಲವನ್ನೂ ಹನ್ನೊಂದು ನಿಮಿಷ ಹೇಳಿ ಬಂದು ಕೂತೆ. ಮುಂದೆ ಅಭಿನಂದನಾ ನುಡಿ ಆಡಬೇಕಿದ್ದ ಸಹೋದ್ಯೋಗಿ ನನ್ನ ಕಿವಿಯಲ್ಲಿ, "ನನಗೇನು ಉಳಿಸಿದ್ರಿ ಮೇಷ್ಟ್ರೇ?" ಅಂದರು. ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳಿದ್ದರು.

ಈ ವರ್ಷ ನಮ್ಮ ಗಣಿತದ ಟೀಚರ್ ಸರದಿ. ನಮ್ಮದು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ದಾಖಲೆ ಪ್ರಕಾರ ಟೀಚರ್ ಹುಟ್ಟಿದ್ದು ಜೂನ್ 1. ಒಂದನೇ ತಾರೀಕು ಹುಟ್ಟಿದವರು ಅರವತ್ತು ತುಂಬುವ ತಿಂಗಳಿನ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ, ಹಾಗಾಗಿ ಮೇ 31. ಹಿಂದೆ ಶಾಲೆಗೆ ಸೇರಿಸುವಾಗ ಜೂನ್ ತಿಂಗಳಿಗೆ ಹೊಂದುವ ಹಾಗೆ ತಾರೀಕು ಬರೆದುಬಿಡುತ್ತಿದ್ದರಲ್ಲ, ಅದರ ಫಲ ಈಗ ಕಾಣುತ್ತದೆ. ಅದೇ ದಿನ ನಮ್ಮ ತಾಲ್ಲೂಕಿನಲ್ಲಿ ಮೂರು ಕಡೆ ಬೀಳ್ಕೊಡುಗೆ ಇತ್ತು. ಮೂರಕ್ಕೂ ಬಿಇಒ ಸಾಹೇಬರು ಹೋಗಬೇಕು. ಯಾವುದಕ್ಕೋ ತಡವಾಗುತ್ತದೆ ಅಂತ ಆಗಲೇ ಗೊತ್ತಾಗಿತ್ತು.

ಈ ಸಲ ನಾಲ್ಕು ನಿಮಿಷ ಅಂತ ನನಗೆ ನಾನೇ ಗಡುವು ಹಾಕಿಕೊಂಡೆ. ನಾಡಗೀತೆಗೇ ಸರ್ಕಾರ 2022ರಲ್ಲಿ 2 ನಿಮಿಷ 30 ಸೆಕೆಂಡ್ ಅಂತ ಗೊತ್ತು ಮಾಡಿದೆ. ಅದು ಮುಗಿದು ಜನ ಕೂತ ತಕ್ಷಣ ಬರುವ ಮಾತು ಅದರ ಎರಡರಷ್ಟನ್ನೂ ದಾಟಬಾರದು ಅನ್ನಿಸಿತು. ವೇದಿಕೆ ಮೇಲೆ ಎಂಟು ಜನ. ಒಬ್ಬೊಬ್ಬರಿಗೆ ಹದಿನೈದು ಸೆಕೆಂಡ್ ಮಾತು, ಹೂವು ಕೊಟ್ಟು ಚಪ್ಪಾಳೆ ಮುಗಿಯಲು ಇನ್ನೊಂದು ಐದಾರು ಸೆಕೆಂಡ್. ಅಲ್ಲಿಗೇ ಮೂರು ನಿಮಿಷ ಹತ್ತಿರ ಹತ್ತಿರ ಆಯಿತು. ಉಳಿದ ಒಂದು ನಿಮಿಷ ಮೊದಲ ಮಾತಿಗೆ ಮತ್ತು ಎದುರು ಕೂತವರಿಗೆ.

ಹೆಸರುಗಳನ್ನು ಹಾಳೆಯಲ್ಲಿ ಬರೆಯಲಿಲ್ಲ. ಶಾಮಿಯಾನದ ಕೆಳಗೆ ಫ್ಯಾನ್ ಗಾಳಿಗೆ ಹಾಳೆ ಹಾರುತ್ತದೆ, ಕೈ ನಡುಗಿದರೆ ಅದೂ ನಡುಗಿ ಎಲ್ಲರಿಗೂ ಕಾಣುತ್ತದೆ. ಮದುವೆ ಪತ್ರಿಕೆಗಳನ್ನು ಕತ್ತರಿಸಿ, ದಪ್ಪ ಚೀಟಿ ಮಾಡಿ, ಒಂದು ಚೀಟಿಗೆ ಒಂದೇ ಹೆಸರು ಬರೆದೆ. ಯಾರಾದರೂ ತಡವಾದರೆ ಅವರ ಚೀಟಿ ಹಿಂದಕ್ಕೆ ಹಾಕಿದರೆ ಆಯಿತು.

ಹೆಸರಿನ ಜೊತೆ ಈಗಿನ ಹುದ್ದೆ, ಮತ್ತೆ ಈ ಶಾಲೆಗೂ ಅವರಿಗೂ ಇರುವ ನಂಟು, ಇಷ್ಟೇ. ಆಹ್ವಾನ ಪತ್ರಿಕೆ ನೋಡಿ ಬರೆದುಕೊಂಡರೆ ಸಾಲದು. ನಮ್ಮ ಮುಖ್ಯ ಅತಿಥಿ ಇದೇ ಶಾಲೆಯ ಹಳೆ ವಿದ್ಯಾರ್ಥಿ. ಪತ್ರಿಕೆಯಲ್ಲಿ 'ಸರ್ವೆಯರ್' ಅಂತ ಅಚ್ಚಾಗಿತ್ತು. ಎರಡು ದಿನ ಮೊದಲು ಫೋನ್ ಮಾಡಿದೆ. ಬಡ್ತಿ ಸಿಕ್ಕಿ ಅವರು ಭೂ ದಾಖಲೆಗಳ ಸಹಾಯಕ ನಿರ್ದೇಶಕರಾಗಿ ಎರಡು ವರ್ಷ ಆಗಿತ್ತು! ನಂತರ ಟೀಚರ್ ಬಗ್ಗೆ ಕೇಳಿದೆ. "ಐದನೇ ಕ್ಲಾಸಲ್ಲಿ ಶಾಲೆ ಅಂಗಳಾನ ಹಗ್ಗದಲ್ಲಿ ಅಳೆಸಿ ವಿಸ್ತೀರ್ಣ ಹೇಳ್ಕೊಟ್ರು ಸರ್. ನಾನು ಹಗ್ಗದ ಒಂದು ತುದಿ ಹಿಡ್ಕೊಂಡಿದ್ದೆ" ಅಂದರು.

ಇಂಥ ಕತೆ ಸಿಕ್ಕರೆ ಸ್ವಾಗತದಲ್ಲೇ ಹೇಳಿಬಿಡೋಣ ಅನ್ನಿಸುತ್ತದೆ, ಅಲ್ವಾ? ಹೇಳಬಾರದು. ಅದು ಅವರ ಕತೆ. ನಾನು ಹೇಳಿಬಿಟ್ಟರೆ ಅವರು ಮೈಕ್ ಮುಂದೆ ಬಂದು "ಈಗಾಗಲೇ ಹೇಳಿದ ಹಾಗೆ" ಅಂತ ಶುರು ಮಾಡಬೇಕಾಗುತ್ತದೆ. ಹಾಗಾಗಿ ಚೀಟಿಯಲ್ಲಿ ಬರೆದದ್ದು ಇಷ್ಟು: "ಇಂದಿನ ಮುಖ್ಯ ಅತಿಥಿಗಳು ಭೂ ದಾಖಲೆಗಳ ಸಹಾಯಕ ನಿರ್ದೇಶಕರು. ಆದರೆ ಅವರು ಮೊದಲು ಅಳೆದ ಜಾಗ ಯಾವುದು ಅಂತ ನಮ್ಮ ಟೀಚರಿಗೆ ಗೊತ್ತು. ಅದನ್ನು ಅವರ ಬಾಯಲ್ಲೇ ಕೇಳೋಣ. ಸರ್, ನಿಮ್ಮ ಶಾಲೆಗೆ ನಿಮಗೆ ಸ್ವಾಗತ." ಕೊನೆಗೆ ಹೆಸರು. ಹೆಸರನ್ನು ಕೊನೆಗೆ ಇಡುವುದಕ್ಕೂ ಕಾರಣ ಇದೆ. ಹೆಸರು ಕೇಳಿದ ಕೂಡಲೇ ಜನ ಚಪ್ಪಾಳೆ ಹೊಡೆಯುತ್ತಾರೆ, ಆಮೇಲೆ ನೀವು ಏನು ಹೇಳಿದರೂ ಅದರಲ್ಲಿ ಮುಳುಗುತ್ತದೆ. ಹೂವು ಹಿಡಿದು ನಿಂತ ಏಳನೇ ತರಗತಿ ಹುಡುಗಿಗೂ ಹೆಸರೇ ಸನ್ನೆ. ಹೆಸರು ಕೇಳಿದ ಮೇಲೆ ಹೆಜ್ಜೆ ಎತ್ತು ಅಂತ ಹಿಂದಿನ ದಿನ ಎರಡು ಸಲ ನಡೆಸಿ ನೋಡಿದ್ದೆವು.

ಬರೆದದ್ದನ್ನು ಮನೆಯಲ್ಲಿ ಜೋರಾಗಿ ಓದಿದಾಗ ಎರಡು ಎಡವಟ್ಟು ಕಿವಿಗೆ ಬಿದ್ದವು. ಒಂದು, 'ಸ್ವಾಗತ ಬಯಸುತ್ತೇನೆ' ಅಂತ ಬರೆದಿದ್ದೆ. ಬಯಸುವುದು ಅಂದರೆ ನನಗೆ ಬೇಕು ಅಂತ. ಅತಿಥಿಗಳು ನನ್ನನ್ನು ಸ್ವಾಗತಿಸಲಿ ಅಂದ ಹಾಗಾಯಿತು! ವೇದಿಕೆಗಳಲ್ಲಿ ಇದು ಎಷ್ಟು ರೂಢಿಯಾಗಿದೆ ಅಂದರೆ ತಪ್ಪು ಅಂತ ಯಾರಿಗೂ ಅನ್ನಿಸುವುದಿಲ್ಲ. 'ಸ್ವಾಗತಿಸುತ್ತೇನೆ', 'ಬರಮಾಡಿಕೊಳ್ಳುತ್ತೇನೆ', 'ನಿಮಗೆ ಸ್ವಾಗತ', ಈ ಮೂರನ್ನು ತಿರುಗಿಸಿ ಮುರುಗಿಸಿ ಹಾಕಿದೆ.

ಎರಡನೆಯದು ಇನ್ನೂ ಕೆಟ್ಟದ್ದು. "ಟೀಚರ್ ಎಲ್ಲರೊಂದಿಗೆ ನಗುನಗುತ್ತಾ ಇದ್ದರು, ಮಕ್ಕಳೆಂದರೆ ಅವರಿಗೆ ಪ್ರಾಣವಾಗಿತ್ತು" ಅಂತಿತ್ತು. ಓದುತ್ತಿದ್ದಂತೆ ಒಳಗಿನಿಂದ ನನ್ನ ಹೆಂಡತಿ, "ಯಾರು ಹೋಗಿಬಿಟ್ರು?" ಅಂದಳು. ಬೀಳ್ಕೊಡುಗೆ ಮಾತು ಶ್ರದ್ಧಾಂಜಲಿ ಆಗಲು ಈ 'ಇದ್ದರು' ಒಂದೇ ಸಾಕು. ಮುಗಿಯುತ್ತಿರುವುದು ನೌಕರಿ ಮಾತ್ರ. ನೌಕರಿಗೆ ಸಂಬಂಧಿಸಿದ್ದನ್ನು 'ಕಲಿಸಿದರು' ಅಂತ ಬಿಟ್ಟು, ಸ್ವಭಾವದ ಮಾತನ್ನೆಲ್ಲ 'ಇದ್ದಾರೆ', 'ಮಾಡುತ್ತಾರೆ' ಅಂತ ತಿದ್ದಿದೆ. ತಿದ್ದಿದ ಮೇಲೆ ಅರ್ಧ ಹೊಡೆದುಹಾಕಿದೆ, ಅದು ಹೇಗಿದ್ದರೂ ಅಭಿನಂದನಾ ನುಡಿಯವರ ಪಾಲು.

ಕ್ರಮಕ್ಕೆ ಆಹ್ವಾನ ಪತ್ರಿಕೆಯೇ ಆಧಾರ. ಅಧ್ಯಕ್ಷತೆ ವಹಿಸಿದ್ದ ಎಸ್‌ಡಿಎಂಸಿ ಅಧ್ಯಕ್ಷರು ಮೊದಲು, ಆಮೇಲೆ ಉದ್ಘಾಟಕರು, ಮುಖ್ಯ ಅತಿಥಿ, ಉಳಿದವರು. ಇದರಲ್ಲಿ ಬುದ್ಧಿವಂತಿಕೆ ತೋರಿಸಲು ಹೋಗಬೇಡಿ, ಯಾರಾದರೂ ಮುನಿಸಿಕೊಳ್ಳುತ್ತಾರೆ. ಟೀಚರ್ ಮತ್ತು ಅವರ ಯಜಮಾನರನ್ನು ಮಾತ್ರ ಕೊನೆಗೆ ಇಟ್ಟುಕೊಂಡೆ. ಯಜಮಾನರನ್ನೂ ಹೆಸರು ಹಿಡಿದೇ ಕರೆದೆ. ಅವರ ಹೆಸರು ನಮ್ಮಲ್ಲಿ ಅರ್ಧ ಜನಕ್ಕೆ ಅವತ್ತೇ ಗೊತ್ತಾಗಿದ್ದು.

ಅಂದುಕೊಂಡ ಹಾಗೆ ಉದ್ಘಾಟನೆಗೆ ಬರಬೇಕಾದ ಬಿಇಒ ಸಾಹೇಬರ ಕುರ್ಚಿ ಖಾಲಿ ಇತ್ತು. ಅವರ ಚೀಟಿ ಹಿಂದಕ್ಕೆ ಹೋಯಿತು. ನಾನು ನಮ್ಮ ಕ್ಲಸ್ಟರ್ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯವರ ಪರಿಚಯ ಹೇಳುತ್ತಿರುವಾಗ ಗೇಟಿನ ಹತ್ತಿರ ಜೀಪ್ ನಿಂತಿತು. ಎದುರಿದ್ದವರೆಲ್ಲ ಕತ್ತು ತಿರುಗಿಸಿದರು. ಹಿಡಿದ ಹೆಸರನ್ನು ಅರ್ಧಕ್ಕೆ ಬಿಟ್ಟರೆ ಸಿಆರ್‌ಪಿಯವರಿಗೆ ಅವಮಾನ. ಅವರಿಗೆ ಹೂವು ಕೊಟ್ಟು ಚಪ್ಪಾಳೆ ಆದ ಮೇಲೆ ನಾನು ಸುಮ್ನೆ ನಿಂತೆ. ಸಾಹೇಬರು ಕೂತು, ಮುಖ ಒರೆಸಿಕೊಂಡು, ನೀರು ಕುಡಿದ ಮೇಲೆ ಅವರ ಚೀಟಿ ತೆಗೆದೆ. ತಡವಾದ ಸುದ್ದಿ ಎತ್ತಲಿಲ್ಲ.

ಎದುರಿಗಿದ್ದವರನ್ನು ವೇದಿಕೆಯವರ ನಂತರ, ಟೀಚರ್‌ಗಿಂತ ಮೊದಲು ಸ್ವಾಗತಿಸಿದೆ. 'ನೆರೆದಿರುವ ಸಮಸ್ತ ಬಂಧುಗಳೇ' ಅಂದರೆ ಯಾರೂ ತಲೆ ಎತ್ತುವುದಿಲ್ಲ. ಬಿಸಿಯೂಟದ ಅಡುಗೆಯವರು, ಹಳೆ ವಿದ್ಯಾರ್ಥಿಗಳು, ಬೆಂಗಳೂರಿಂದ ಬೆಳಗಿನ ಬಸ್ಸಿಗೆ ಬಂದವರು ಅಂತ ಬೇರೆ ಬೇರೆ ಕರೆದಾಗ ಆಯಾ ಮೂಲೆಯಿಂದ ಸದ್ದು ಬಂತು.

ಗಡಿಯಾರ ನೋಡಿಕೊಂಡೆ, ಜೀಪಿನ ದೆಸೆಯಿಂದ ಐದು ನಿಮಿಷ ಆಗಿತ್ತು. ಕೂತ ಮೇಲೆ ಜೇಬಿಗೆ ಕೈ ಹಾಕಿದರೆ ಒಂದು ಚೀಟಿ ಅಲ್ಲೇ ಉಳಿದಿತ್ತು. ಶಾಮಿಯಾನ, ಕುರ್ಚಿ ಪುಕ್ಕಟೆ ಕೊಟ್ಟವರದು. ಎದ್ದು ಹೋಗಿ "ಒಂದು ಹೆಸರು ಮರೆತಿದ್ದೆ" ಅನ್ನುವುದು ಇನ್ನೂ ಕೆಟ್ಟದು, ಮರೆತದ್ದು ಊರಿಗೆಲ್ಲ ಗೊತ್ತಾಗುತ್ತದೆ. ಪಕ್ಕದಲ್ಲಿದ್ದ ವಂದನಾರ್ಪಣೆಯ ಮೇಡಂ ಕೈಗೆ ಚೀಟಿ ದಾಟಿಸಿದೆ. ಅವರು ಅದನ್ನು ಓದಿ ನನ್ನ ಮುಖ ನೋಡಿದರು, ಏನೂ ಕೇಳದೆ ತಮ್ಮ ಪಟ್ಟಿಯ ಮೇಲಿಟ್ಟುಕೊಂಡರು.